15 ಮಿಲಿಮೀಟರ್ ಗಾಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಯೋಗದ ಮ್ಯಾಟನ್ನು ಮೊಬೈಲಿನಲ್ಲಿ ಹುಡುಕಿದವರಿಗೆ ಈ ನಾಲ್ಕು ಸಾಲು ಪರಿಚಯ ಇರುತ್ತದೆ. ದಪ್ಪ ಎಷ್ಟು, ಯಾವುದರಿಂದ ಮಾಡಿದ್ದು, ಎಷ್ಟು ಭಾರ ತಡೆಯುತ್ತದೆ, ಯಾವ ನೆಲಕ್ಕೆ ಆಗುತ್ತದೆ. ನಾನು ಮೊದಲ ಸಲ ಕೊಂಡಾಗ ಓದಿದ್ದು ಮೊದಲ ಸಾಲು ಮಾತ್ರ. ಮಂಡಿ ನೋಯುತ್ತಿತ್ತು. ದಪ್ಪ ಇದ್ದಷ್ಟೂ ಮಂಡಿಗೆ ಸುಖ ಅಂದುಕೊಂಡು 15 ಮಿಲಿಮೀಟರಿನ ಮ್ಯಾಟ್ ತರಿಸಿದೆ. ಬಿಚ್ಚಿ ಹಾಸಿದಾಗ ಹಾಸಿಗೆಯ ಹಾಗಿತ್ತು. ಖುಷಿಯೂ ಆಯಿತು.

ಖುಷಿ ವೃಕ್ಷಾಸನದವರೆಗೆ ಮಾತ್ರ. ಒಂಟಿ ಕಾಲಿನಲ್ಲಿ ನಿಂತರೆ ಪಾದ ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ ಹೂತುಹೋಗುತ್ತದೆ. ಅಧೋಮುಖ ಶ್ವಾನಾಸನದಲ್ಲಿ ಇನ್ನೊಂದು ತೊಂದರೆ. ಅಂಗೈಯ ಬುಡ ಕೆಳಗಿಳಿಯುತ್ತದೆ, ಬೆರಳುಗಳು ಮೇಲೇ ಉಳಿಯುತ್ತವೆ. ಹಾಗಾದಾಗ ಮಣಿಕಟ್ಟು ಬೇಕಾದದ್ದಕ್ಕಿಂತ ಜಾಸ್ತಿ ಹಿಂದಕ್ಕೆ ಬಾಗುತ್ತದೆ. ವಾರದಲ್ಲಿ ಮಣಿಕಟ್ಟು ನೋವು ಶುರುವಾಯಿತು. ಮಂಡಿ ನೋವೂ ಹೋಗಲಿಲ್ಲ. ಮಂಡಿ ಊರಿದರೆ ನೇರವಾಗಿ ನೆಲವೇ ತಾಗುತ್ತಿತ್ತು. ಅಷ್ಟು ದಪ್ಪ ಇದ್ದೂ ಹೀಗೇಕೆ?

ಉತ್ತರ ಅದೇ ಪುಟದಲ್ಲಿತ್ತು. ಆ ನಾಲ್ಕರಲ್ಲಿ ಅಲ್ಲ, ಮ್ಯಾಟಿನದೇ ತೂಕ ಬರೆದ ಇನ್ನೊಂದು ಸಾಲಿನಲ್ಲಿ. ಅದನ್ನು ಹೇಗೆ ಓದಬೇಕು ಅನ್ನುವುದನ್ನೇ ಇವತ್ತು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾಗದ, ಪೆನ್ನು ಹತ್ತಿರ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಪರವಾಗಿಲ್ಲ, ಬಾಯಿಲೆಕ್ಕವೇ ಸಾಕು.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಎತ್ತರ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಸಾಮಾನ್ಯ ಅಳತೆಯ ಮ್ಯಾಟ್ 183 ಸೆಂಟಿಮೀಟರ್ ಉದ್ದ, 61 ಸೆಂಟಿಮೀಟರ್ ಅಗಲ ಇರುತ್ತದೆ. ಅಂದರೆ 1.1 ಚದರ ಮೀಟರಿಗೆ ಚೂರು ಜಾಸ್ತಿ. ಹಾಗಾಗಿ ದಪ್ಪ ಎಷ್ಟು ಮಿಲಿಮೀಟರ್ ಇದೆಯೋ ಅದನ್ನು 1.1ರಿಂದ ಗುಣಿಸಿದರೆ ಮ್ಯಾಟ್ ಎಷ್ಟು ಲೀಟರ್ ಜಾಗ ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ತೂಕವನ್ನು ಆ ಲೀಟರುಗಳಿಂದ ಭಾಗಿಸಿ. ಒಂದು ಲೀಟರಿಗೆ ಎಷ್ಟು ಗ್ರಾಂ ಸರಕು ಇದೆ ಅನ್ನುವುದು ಬರುತ್ತದೆ.

ನನ್ನ ಮ್ಯಾಟನ್ನೇ ತೆಗೆದುಕೊಳ್ಳಿ. ದಪ್ಪ 15 ಮಿಲಿಮೀಟರ್, ಅಂದರೆ ಹದಿನಾರೂವರೆ ಲೀಟರ್. ತೂಕ 1,100 ಗ್ರಾಂ. ಭಾಗಿಸಿದರೆ ಲೀಟರಿಗೆ 66 ಗ್ರಾಂ ಸುಮಾರು. ಇದು ಎನ್‌ಬಿಆರ್ ಅನ್ನುವ ರಬ್ಬರಿನ ನೊರೆ. ನೊರೆ ಮಾಡದ ಗಟ್ಟಿ ರಬ್ಬರಾಗಿದ್ದರೆ ಲೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋ ತೂಗುತ್ತಿತ್ತು. ಅಂದರೆ ಹದಿನೈದು ಪಾಲಿನಲ್ಲಿ ಹದಿನಾಲ್ಕು ಪಾಲು ಗಾಳಿ. ನಾನು ದುಡ್ಡು ಕೊಟ್ಟು ತಂದದ್ದು 1 ಮಿಲಿಮೀಟರ್ ರಬ್ಬರು, 14 ಮಿಲಿಮೀಟರ್ ಗಾಳಿ!

ಈಗ ಇನ್ನೊಂದು ಮ್ಯಾಟ್ ನೋಡಿ. 5 ಮಿಲಿಮೀಟರ್ ದಪ್ಪ, ನೈಸರ್ಗಿಕ ರಬ್ಬರು, ತೂಕ ಎರಡೂವರೆ ಕಿಲೋ. ಐದೂವರೆ ಲೀಟರಿಗೆ 2,500 ಗ್ರಾಂ. ಲೀಟರಿಗೆ 450 ಗ್ರಾಂ ಹತ್ತಿರ. ದಪ್ಪ ನನ್ನ ಮ್ಯಾಟಿನ ಮೂರನೇ ಒಂದು ಪಾಲು, ಆದರೂ ಮಂಡಿ ನೆಲಕ್ಕೆ ತಾಗುವುದಿಲ್ಲ. ಇವೆರಡರ ನಡುವೆ ಟಿಪಿಇ ಅನ್ನುವ ವಸ್ತು ಬರುತ್ತದೆ. 6 ಮಿಲಿಮೀಟರ್ ದಪ್ಪದ್ದು ಸುಮಾರು 900 ಗ್ರಾಂ ತೂಗಿದರೆ ಲೀಟರಿಗೆ 135 ಗ್ರಾಂ ಬರುತ್ತದೆ. ದಿನವೂ ಸುತ್ತಿ ಹೆಗಲಿಗೆ ಹಾಕಿಕೊಂಡು ಹೋಗುವವರಿಗೆ ಅದು ಹೊಂದುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ನಿಂತು ಮಾಡುವ ಆಸನಗಳು ಜಾಸ್ತಿ ಇರುವವರು ಲೀಟರಿಗೆ 100 ಗ್ರಾಂಗಿಂತ ಕಡಿಮೆ ಬರುವ ಮ್ಯಾಟನ್ನು ಬಿಟ್ಟುಬಿಡಿ, ಅದು ಎಷ್ಟೇ ದಪ್ಪ ಇರಲಿ. ಬರೀ ಮಲಗಿ ಮಾಡುವ ವ್ಯಾಯಾಮಕ್ಕಾದರೆ ಆ ಗಾಳಿ ಮ್ಯಾಟೂ ನಡೆಯುತ್ತದೆ. ಬೆನ್ನಿನ ಭಾರ ಅಗಲಕ್ಕೆ ಹಂಚಿಹೋಗುತ್ತದಲ್ವಾ, ಅಷ್ಟಾಗಿ ಹೂತುಹೋಗುವುದಿಲ್ಲ.

ಈ ಲೆಕ್ಕ ಎಲ್ಲಿ ಕೈಕೊಡುತ್ತದೆ ಅಂತಲೂ ಹೇಳಬೇಕು. ಕೆಲವು ಕಡೆ ತೂಕದ ಸಾಲಿನಲ್ಲಿ ಪೆಟ್ಟಿಗೆ, ಚೀಲ, ಪಟ್ಟಿ ಎಲ್ಲ ಸೇರಿಸಿ ಬರೆದಿರುತ್ತಾರೆ. ಕೆಲವು ಪಿವಿಸಿ ಮ್ಯಾಟುಗಳಿಗೆ ಸುಣ್ಣದ ಕಲ್ಲಿನ ಪುಡಿ ಬೆರೆಸಿರುತ್ತಾರೆ. ತೂಕ ಏರುತ್ತದೆ, ಗುಣ ಏರುವುದಿಲ್ಲ. ಹಾಗಾಗಿ ಮ್ಯಾಟ್ ಕೈಗೆ ಬಂದ ಮೇಲೆ ಹೆಬ್ಬೆರಳಿನಿಂದ ಜೋರಾಗಿ ಒತ್ತಿ ನೋಡಿ. ಬೆರಳಿಗೆ ಕೆಳಗಿನ ನೆಲದ ಗಡಸು ಗೊತ್ತಾಗಬಾರದು. ಆಮೇಲೆ ಒಂದು ಡಂಬೆಲ್ಲನ್ನು ರಾತ್ರಿಯಿಡೀ ಅದರ ಮೇಲೆ ಇಟ್ಟು ಬೆಳಿಗ್ಗೆ ತೆಗೆಯಿರಿ. ಒಳ್ಳೆಯ ಮ್ಯಾಟಿನಲ್ಲಿ ಕುಳಿ ಬೇಗ ಮೇಲೆ ಬರುತ್ತದೆ. ಸಂಜೆಯಾದರೂ ಹಾಗೇ ಇದ್ದರೆ ಒಳಗಿನ ನೊರೆಯ ಗುಳ್ಳೆಗಳು ಕುಸಿದಿವೆ ಅಂತ ಅರ್ಥ. ದಿನಾ ಪಾದ ಊರುವ ಎರಡು ಜಾಗದಲ್ಲೂ ಕೆಲವೇ ತಿಂಗಳಲ್ಲಿ ಅದೇ ಗತಿ.

ವಸ್ತುವಿನ ಬಗ್ಗೆ ಎರಡೇ ಮಾತು. ರಬ್ಬರಿನ ಹಾಲು, ಅಂದರೆ ಲ್ಯಾಟೆಕ್ಸ್, ಮೈಗೆ ಆಗದವರು ನೈಸರ್ಗಿಕ ರಬ್ಬರಿನ ಮ್ಯಾಟ್ ಕೊಳ್ಳಬೇಡಿ. ಕೊಂಡವರು ಬಿಸಿಲಿಗೆ ಒಣಗಿಸಬೇಡಿ. ಬಿಸಿಲು ತಗುಲಿದ ರಬ್ಬರು ಬಿರುಕು ಬಿಟ್ಟು ಪುಡಿ ಉದುರಿಸುತ್ತದೆ.

ಇನ್ನು ಭಾರದ ಸಾಲಿಗೆ ಬರೋಣ. ಮ್ಯಾಟಿನ ಪುಟದಲ್ಲಿ 150 ಕಿಲೋ ತಡೆಯುತ್ತದೆ ಅಂತ ಬರೆದಿದ್ದರೆ ನಕ್ಕು ಮುಂದೆ ಹೋಗಿ. ಮ್ಯಾಟ್ ನೆಲದ ಮೇಲೆ ಬಿದ್ದುಕೊಂಡಿರುತ್ತದೆ. ಭಾರ ಹೊರುವುದು ನೆಲ. ಮ್ಯಾಟಿಗೆ ಮುಖ್ಯವಾದದ್ದು ಒಟ್ಟು ಭಾರವಲ್ಲ, ಅದು ಎಷ್ಟು ಸಣ್ಣ ಜಾಗದ ಮೇಲೆ ಬೀಳುತ್ತದೆ ಅನ್ನುವುದು. ಎರಡೂ ಪಾದ ಊರಿ ನಿಂತಾಗ ನಿಮ್ಮ ಭಾರ ಎರಡು ಅಂಗಾಲುಗಳ ಅಗಲಕ್ಕೆ ಹರಡಿರುತ್ತದೆ. ಒಂದು ಮಂಡಿ ಊರಿದಾಗ ಅರ್ಧ ಭಾರ ಮಂಡಿಚಿಪ್ಪಿನಷ್ಟು ಜಾಗಕ್ಕೆ ಬರುತ್ತದೆ. ಮಂಡಿ ನೋವಿದ್ದವರು ಇಡೀ ಮ್ಯಾಟನ್ನು ದಪ್ಪ ಮಾಡಬೇಕಿಲ್ಲ. ಮಂಡಿಯ ಕೆಳಗೆ ಮಾತ್ರ ಒಂದು ಮಡಿಸಿದ ಕಂಬಳಿ ಇಟ್ಟರೆ ಸಾಕು. ನನಗೆ ಇದು ಹೊಳೆಯುವ ಹೊತ್ತಿಗೆ ಮ್ಯಾಟ್ ವಾಪಸು ಕೊಡುವ ದಿನ ದಾಟಿಹೋಗಿತ್ತು, ಅದು ಬೇರೆ ಮಾತು.

ಆದರೆ ಇದೇ ಸಾಲು ವ್ಯಾಯಾಮದ ಬೆಂಚಿನ ಪುಟದಲ್ಲಿದ್ದರೆ ನಗಬೇಡಿ, ಎರಡು ಸಲ ಓದಿ. ನಾನು ನೋಡಿದ ಒಂದು ಬೆಂಚಿಗೆ ಗರಿಷ್ಠ ಭಾರ 120 ಕಿಲೋ ಅಂತ ಇತ್ತು. ನನ್ನ ತೂಕ 78 ಕಿಲೋ. ಹಾಗಾದರೆ ಇನ್ನೂ ಬೇಕಾದಷ್ಟು ಜಾಗ ಇದೆ ಅನ್ನಿಸುತ್ತದೆ. ಆದರೆ ಬೆಂಚಿನ ಗರಿಷ್ಠ ಭಾರ ಅಂದರೆ ಮಲಗಿದವರೂ ಸೇರಿ, ಅವರ ಕೈಯಲ್ಲಿರುವ ತೂಕವೂ ಸೇರಿ. 20 ಕಿಲೋದ ಎರಡು ಡಂಬೆಲ್ ಹಿಡಿದರೆ ನನ್ನದು 118 ಆಯಿತು. ಕಾಗದದ ಮೇಲೆ ಇನ್ನೂ 2 ಕಿಲೋ ಉಳಿದಿದೆ. ನಿಜದಲ್ಲಿ ಏನೂ ಉಳಿದಿಲ್ಲ. ಡಂಬೆಲ್ಲನ್ನು ಕೆಳಗಿಳಿಸಿ ತಟ್ಟನೆ ಮೇಲಕ್ಕೆ ತಳ್ಳುವಾಗ, ಅಥವಾ ಅದನ್ನು ಹಿಡಿದುಕೊಂಡು ಧೊಪ್ಪೆಂದು ಕೂರುವಾಗ, ಬೆಂಚಿಗೆ ಬೀಳುವ ಒತ್ತಡ ಸುಮ್ನೆ ಇಟ್ಟ ಭಾರಕ್ಕಿಂತ ಜಾಸ್ತಿ. ನಾನಂತೂ ಮೂರರಲ್ಲಿ ಒಂದು ಪಾಲನ್ನು ಯಾವಾಗಲೂ ಬಿಟ್ಟಿಡುತ್ತೇನೆ. 118 ಕಿಲೋಗೆ 180 ಕಿಲೋ ಅಂತ ಬರೆದ ಬೆಂಚು. ಒರಗು ಹಲಗೆಯನ್ನು ಎತ್ತಿ ಕೂರುವ ಬೆಂಚಾದರೆ, ಹಾಗೆ ಎತ್ತಿದಾಗಿನ ಭಾರ ಬೇರೆ ಬರೆದಿದ್ದಾರಾ ಅಂತ ನೋಡಿ. ಆಗ ಆ ಭಾರದ ದೊಡ್ಡ ಪಾಲು ಬೀಳುವುದು ಹಿಂದಿನ ಒಂದು ಆಸರೆ ಕಂಬಿ, ಒಂದು ಪಿನ್ನಿನ ಮೇಲೆ. ಕಿರುಗುಟ್ಟುವ ಶಬ್ದ ಶುರುವಾದರೆ ಮೊದಲು ನೋಡಬೇಕಾದದ್ದು ಆ ಪಿನ್ನು ಕೂರುವ ತೂತನ್ನು. ಅದು ದುಂಡಗೆ ಉಳಿಯದೆ ಉದ್ದಕ್ಕೆ ಸವೆದಿದ್ದರೆ ಬೆಂಚನ್ನು ಮಟ್ಟವಾಗಿಟ್ಟೇ ಬಳಸಿ, ಎತ್ತಬೇಡಿ.

ಕೊನೆಯ ಸಾಲು ನೆಲದ್ದು. ಅಲ್ಲಿ ಸಾಮಾನ್ಯವಾಗಿ ಎಲ್ಲ ನೆಲಕ್ಕೂ ಸರಿ ಅಂತ ಬರೆದಿರುತ್ತಾರೆ. ಅವರ ಮನಸ್ಸಿನಲ್ಲಿರುವುದು ಜಾರುವುದಿಲ್ಲ ಅನ್ನುವುದಷ್ಟೇ. ಆ ಮಾತೂ ಪೂರ್ತಿ ನಿಜವಲ್ಲ. ನುಣುಪಾದ ಟೈಲ್ಸ್ ಮೇಲೆ ತೆಳುವಾಗಿ ಧೂಳು ಕೂತಿದ್ದರೆ ಎಂಥ ಹಿಡಿತದ ಮ್ಯಾಟೂ ಜಾರುತ್ತದೆ. ಮ್ಯಾಟಿನ ತಳವನ್ನೂ ನೆಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಅದೇ ಮ್ಯಾಟ್ ಕಚ್ಚಿಕೊಳ್ಳುತ್ತದೆ. ಕಾರ್ಪೆಟ್ ಮೇಲಾದರೆ ಮೆತ್ತಗಿನ ಮ್ಯಾಟ್ ಸುಕ್ಕುಗಟ್ಟುತ್ತದೆ. ಅಲ್ಲಿಗೆ ತೆಳುವಾದ, ಭಾರವಾದ ಮ್ಯಾಟೇ ಆಗಬೇಕು.

ಆದರೆ ನೆಲಕ್ಕೆ ಆಗುವ ಹಾನಿಯನ್ನು ಯಾರೂ ಬರೆಯುವುದಿಲ್ಲ. ನನ್ನ ಎರಡನೇ ಮ್ಯಾಟ್ ನೈಸರ್ಗಿಕ ರಬ್ಬರಿನದ್ದು. ವ್ಯಾಯಾಮ ಮಾಡುವ ಕೋಣೆಗೆ ವಿನೈಲ್ ಹಾಸು ಹಾಕಿಸಿದ್ದೆವು. ದಿನಾ ಸುತ್ತಿಡುವುದಕ್ಕೆ ಸೋಮಾರಿತನ. ತಿಂಗಳುಗಟ್ಟಲೆ ಅಲ್ಲೇ ಬಿಟ್ಟೆ. ಒಂದು ದಿನ ಎತ್ತಿ ನೋಡಿದರೆ ಮ್ಯಾಟಿನ ಆಕಾರದಲ್ಲೇ ಹಳದಿ ಮಿಶ್ರಿತ ಕಂದು ಕಲೆ. ಸೋಪು, ಸ್ಪಿರಿಟ್, ಎಲ್ಲ ಹಾಕಿ ಉಜ್ಜಿದೆ. ಒಂದಿಷ್ಟೂ ಕದಲಲಿಲ್ಲ. ಯಾಕೆಂದರೆ ಅದು ಮೇಲೆ ಕೂತ ಕೊಳೆಯಲ್ಲ. ರಬ್ಬರು ಬೇಗ ಹಳತಾಗದಿರಲಿ ಅಂತ ಅದಕ್ಕೆ ಕೆಲವು ರಾಸಾಯನಿಕ ಬೆರೆಸಿರುತ್ತಾರೆ. ಅವು ನಿಧಾನವಾಗಿ ವಿನೈಲಿನ ಒಳಕ್ಕೇ ಇಳಿದು ಅಲ್ಲಿ ಬಣ್ಣ ಬದಲಾಯಿಸುತ್ತವೆ. ಕಲೆ ಹಾಸಿನ ಒಳಗೇ ಇರುವುದರಿಂದ ಆ ತುಂಡನ್ನು ಬದಲಿಸುವುದೊಂದೇ ದಾರಿ. ಮೆರುಗೆಣ್ಣೆ ಹಚ್ಚಿದ ಮರದ ನೆಲಕ್ಕೆ ಪಿವಿಸಿ ಮ್ಯಾಟಿನಿಂದ ಇಂಥದೇ ಕಾಟ. ಪಿವಿಸಿಯನ್ನು ಮೆತ್ತಗೆ ಮಾಡುವ ಎಣ್ಣೆಯಂಥ ಪದಾರ್ಥ ಮೆರುಗಿಗೆ ಇಳಿದು ಅದನ್ನೂ ಅಂಟಂಟು ಮಾಡುತ್ತದೆ. ಮ್ಯಾಟ್ ಎತ್ತುವಾಗ ಪರಪರ ಅನ್ನುವ ಸದ್ದು ಬಂದರೆ ಆ ಕೆಲಸ ಶುರುವಾಗಿದೆ ಅಂತಲೇ ತಿಳಿಯಿರಿ. ಮೆರುಗಿನ ಟೈಲ್ಸ್‌ಗೆ ಮಾತ್ರ ಈ ಭಯ ಇಲ್ಲ.

ಮ್ಯಾಟನ್ನಾದರೆ ದಿನಾ ಸುತ್ತಿಡಬಹುದು. ಬೆಂಚನ್ನು ಸುತ್ತಿಡಲಾಗುತ್ತದೆಯೇ? ಅದರ ಕಾಲುಗಳಿಗೆ ಹಾಕಿದ ಕಪ್ಪು ಟೋಪಿಗಳೂ ಎಷ್ಟೋ ಸಲ ರಬ್ಬರೇ. ಹಾಗಾಗಿ ನನ್ನ ಬೆಂಚು ಈಗ ನಾಲ್ಕು ಪ್ಲೈವುಡ್ ತುಂಡುಗಳ ಮೇಲೆ ನಿಂತಿದೆ, ಕಾಲಿಗೊಂದು. ರಬ್ಬರು ವಿನೈಲಿಗೆ ತಾಗುವುದಿಲ್ಲ. ಭಾರವೂ ಹರಡುವುದರಿಂದ ಹಾಸಿನಲ್ಲಿ ಕುಳಿ ಬಿದ್ದಿಲ್ಲ. ಪಕ್ಕದಲ್ಲೇ ಆ ಕಲೆ ಹಾಗೇ ಇದೆ, 183 ಸೆಂಟಿಮೀಟರ್ ಉದ್ದ, 61 ಅಗಲ.

ನಮಸ್ಕಾರ.