ಹತ್ತು ನಿಮಿಷಕ್ಕೆ ಎಷ್ಟು ಪದ?

ಕೇಳುಗರಿಗೆ ನಮಸ್ಕಾರ.

ನಿಮ್ಮಲ್ಲಿ ಯಾರಿಗಾದರೂ ಒಂದು ದಿನ ಬಾನುಲಿ ಕೇಂದ್ರದಿಂದ ಕರೆ ಬರಬಹುದು. ರೇಷ್ಮೆ ಬೆಳೆಯುವವರಿರಲಿ, ಮೇಷ್ಟ್ರಿರಲಿ, ಡಾಕ್ಟರಿರಲಿ. 'ಹತ್ತು ನಿಮಿಷದ ಭಾಷಣ ಬರೆದು ತನ್ನಿ' ಅನ್ನುತ್ತಾರೆ. ಹತ್ತು ನಿಮಿಷ ಅಂದರೆ ಎಷ್ಟು ಬರೆಯಬೇಕು? ನನ್ನ ಉತ್ತರ ಒಂದೇ. ಬಾಯಿಬಿಟ್ಟು ಓದಿ, ಗಡಿಯಾರ ನೋಡಿ.

ನಾನಿದನ್ನು ಕಲಿತದ್ದು ಮಾನ ಕಳೆದುಕೊಂಡು. ನನ್ನ ಮೊದಲ ಭಾಷಣದ ವಿಷಯ ಅಡಿಕೆಯ ಕೊಳೆರೋಗ. ನೇರ ಪ್ರಸಾರ. ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ 'ನಿಮಿಷಕ್ಕೆ 150 ಪದ' ಅಂತ ಓದಿದ್ದೆ. ಹತ್ತು ನಿಮಿಷಕ್ಕೆ 1500 ಪದ, ಹಾಳೆಗೆ 150ರಂತೆ ಹತ್ತು ಹಾಳೆ. ಲೆಕ್ಕ ಎಷ್ಟು ಚೆನ್ನಾಗಿತ್ತು ಅಂದರೆ, ಹಾಳೆಗೊಂದು ನಿಮಿಷ! ಹಿಂದಿನ ರಾತ್ರಿ ಮನಸ್ಸಿನಲ್ಲೇ ಓದಿಕೊಂಡೆ. ಒಂಬತ್ತು ನಿಮಿಷಕ್ಕೇ ಮುಗಿಯಿತು. ಖುಷಿಯಾಗಿ ಮಲಗಿದೆ.

ಮರುದಿನ ಮೈಕಿನ ಮುಂದೆ ಕೂತೆ. ಮಳೆ ಹೇಗೆ ಬರುತ್ತದೆ, ಕಾಯಿ ಮೇಲೆ ನೀರು ಕುಡಿದಂಥ ಕಲೆ ಹೇಗೆ ಮೂಡುತ್ತದೆ, ಎಳೆಕಾಯಿ ಹೇಗೆ ಉದುರುತ್ತದೆ, ಎಲ್ಲ ನಿಧಾನವಾಗಿ ವರ್ಣಿಸಿದೆ. ತಲೆ ಎತ್ತಿದರೆ ಗಾಜಿನಾಚೆ ಡ್ಯೂಟಿಯಲ್ಲಿದ್ದವರು ಒಂದು ಬೆರಳು ತೋರಿಸುತ್ತಿದ್ದಾರೆ. ಒಂದೇ ನಿಮಿಷ ಬಾಕಿ! ನಾನಿನ್ನೂ ಆರನೇ ಹಾಳೆಯಲ್ಲಿದ್ದೆ. ಔಷಧಿ ಇದ್ದದ್ದು ಏಳನೇ ಹಾಳೆಯಲ್ಲಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಅಂದರೆ ಬೋರ್ಡೋ ದ್ರಾವಣ. ಗಾಬರಿಯಲ್ಲಿ ಹಾಳೆ ಹುಡುಕುವಷ್ಟರಲ್ಲಿ ಸಮಯ ಮುಗಿಯಿತು. ಮುಂದಿನ ವಾರ ಸಂತೆಯಲ್ಲಿ ಒಬ್ಬ ರೈತರು ಸಿಕ್ಕಿ ಕೇಳಿದರು: 'ರೋಗ ಚೆಂದಾಗಿ ಹೇಳಿದ್ರಿ ಸ್ವಾಮಿ. ಔಷಧಿ ಯಾಕೆ ಹೇಳ್ಲಿಲ್ಲ?'

ತಪ್ಪು ಎರಡು. ಒಂದು, ಮನಸ್ಸಿನಲ್ಲಿ ಓದಿದ್ದು. ಕಣ್ಣಿಗೆ ಉಸಿರು ಎಳೆದುಕೊಳ್ಳುವ ಕೆಲಸವಿಲ್ಲ, ನಾಲಿಗೆಗೆ ಇದೆ. ಇನ್ನೊಂದು, ಇಂಗ್ಲಿಷಿನ ಲೆಕ್ಕವನ್ನು ಕನ್ನಡಕ್ಕೆ ಹಾಕಿದ್ದು. 'ಅವನ ಮನೆಗೆ ನಾನು ಹೋಗುವುದಿಲ್ಲ.' ಕನ್ನಡದಲ್ಲಿ ನಾಲ್ಕೇ ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಏಳು ಪದ ಬೇಕು. ನಮ್ಮಲ್ಲಿ ವಿಭಕ್ತಿ, 'ಇಲ್ಲ', ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ಪದ ಕಡಿಮೆ, ಆದರೆ ಒಂದೊಂದೂ ಉದ್ದ. ಹಾಗಾಗಿ ನಿಮಿಷಕ್ಕೆ ಹಿಡಿಯುವ ಪದವೂ ಕಡಿಮೆ.

ಎಷ್ಟು ಕಡಿಮೆ? ಸುಮ್ನೆ ಊಹಿಸಬೇಡಿ. ಬಾಯಿಬಿಟ್ಟು ಓದಿ, ಗಡಿಯಾರ ನೋಡಿ. ನಿಮ್ಮದೇ ಭಾಷಣದ ಮೊದಲ ಹಾಳೆಗಳನ್ನು, ಎದುರಿಗೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ, ಎರಡು ನಿಮಿಷ ಓದಿ. ನಿಂತ ಕಡೆ ಗೀಟು ಎಳೆದು ಪದ ಎಣಿಸಿ. ನನಗೆ 190 ಬರುತ್ತದೆ, ಅಂದರೆ ನಿಮಿಷಕ್ಕೆ 95. ನಿಮಗೆ 80 ಬರಬಹುದು, 110 ಬರಬಹುದು. ಅದು ನಿಮ್ಮ ನಾಲಿಗೆಯ ಲೆಕ್ಕ, ನನ್ನದು ನಿಮಗೆ ಬೇಡ. ಹತ್ತು ನಿಮಿಷದಲ್ಲಿ ಪರಿಚಯಕ್ಕೂ ಕೊನೆಯ ಘೋಷಣೆಗೂ ಸೇರಿ ಒಂದು ನಿಮಿಷ ಬಿಡಿ. ಉಳಿದ ಒಂಬತ್ತನ್ನು 95ರಿಂದ ಗುಣಿಸಿದರೆ 855. ನಾನು 800ಕ್ಕೇ ನಿಲ್ಲಿಸುತ್ತೇನೆ. ಕೆಮ್ಮು ಬರುತ್ತದೆ, ಹಾಳೆ ಅಂಟಿಕೊಳ್ಳುತ್ತದೆ.

ಅಂಕಿಗಳ ಬಗ್ಗೆ ಮಾತ್ರ ಎಚ್ಚರ. ಹಾಳೆಯ ಮೇಲೆ 1956 ಅಂತ ಬರೆದರೆ ಎಣಿಕೆಗೆ ಒಂದು ಪದ. ಬಾಯಲ್ಲಿ 'ಸಾವಿರದ ಒಂಬೈನೂರ ಐವತ್ತಾರು', ಹನ್ನೆರಡು ಅಕ್ಷರ. ಇಳುವರಿ, ಬೆಲೆ, ಇಸವಿ ತುಂಬಿದ ಭಾಷಣ ಹಾಳೆಯಲ್ಲಿ ಚಿಕ್ಕದಾಗಿ ಕಂಡು ಬಾಯಲ್ಲಿ ಬೆಳೆಯುತ್ತದೆ. ಅಂಥದ್ದನ್ನು ಅಕ್ಷರದಲ್ಲೇ ಬರೆದುಕೊಳ್ಳಿ, ಆಮೇಲೆ ಎಣಿಸಿ. ಕಂಪ್ಯೂಟರ್ ತೋರಿಸಿದ ಸಂಖ್ಯೆ ಹಿಡಿದುಕೊಂಡು 'ಸರಿಯಾಗಿದೆ ಸರ್' ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ಇರುವುದಿಲ್ಲ, ಕ್ಷಮಿಸಿ. ಬಾಯಿಬಿಟ್ಟು ಓದಿದಿರಾ? ಅಷ್ಟು ಹೇಳಿ.

ಅಡಿಕೆ ಕಥೆ ಜಾಸ್ತಿ ಆಯಿತು ಅಲ್ವಾ? ಇನ್ನೆರಡು ಮಾತು ಬೇಗ ಹೇಳುತ್ತೇನೆ. ಹಾಳೆಯ ಅಂಚಿನಲ್ಲಿ ಎರಡನೇ ನಿಮಿಷ, ನಾಲ್ಕನೇ ನಿಮಿಷ ಎಲ್ಲಿಗೆ ಬರುತ್ತದೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಹಿಂದೆ ಬಿದ್ದಿದ್ದೀರಾ ಅಂತ ಆಗಲೇ ತಿಳಿಯುತ್ತದೆ, ಕೊನೆಯಲ್ಲಲ್ಲ. ಮುಕ್ತಾಯಕ್ಕೆ ಮುಂಚಿನ ಒಂದು ಪ್ಯಾರಾಕ್ಕೆ ಚೌಕ ಹಾಕಿಡಿ. ಹೊತ್ತು ಮೀರಿದರೆ ಅದನ್ನು ಹಾರಿಸಿ. ಔಷಧಿಯನ್ನು ಚೌಕದೊಳಗೆ ಇಡಬೇಡಿ.

ನನ್ನ ಅಂಚಿನ ಕೊನೆಯ ಗುರುತಿಗೂ ಬಂದೆ. ಚೌಕ ಹಾಕಿದ್ದ ಪ್ಯಾರಾ ಒಂದು ಇಲ್ಲಿದೆ, ಅದನ್ನು ಬಿಡುತ್ತಿದ್ದೇನೆ. ನಮಸ್ಕಾರ.