ಟೆರಾಫ್ಲಾಪ್ ಜಾಸ್ತಿ ಇದ್ದರೆ ಆಟ ಜೋರಾಗಿ ಓಡುತ್ತಾ?

ಕೇಳುಗರಿಗೆ ನಮಸ್ಕಾರ. ಗ್ರಾಫಿಕ್ಸ್ ಕಾರ್ಡೋ ಗೇಮ್ ಕನ್ಸೋಲೋ ಕೊಳ್ಳಲು ಹೊರಟವರು ಮೊದಲು ಕೇಳುವುದೇ, "ಇದು ಎಷ್ಟು ಟೆರಾಫ್ಲಾಪ್?" ಅಂತ. ಆ ಒಂದೇ ಅಂಕಿ ನೋಡಿ ಕೊಳ್ಳಬೇಡಿ. ನಾನು ಇವತ್ತು ಹೇಳುವುದು ಇಷ್ಟೇ.

ಒಂದು ಟೆರಾಫ್ಲಾಪ್ ಅಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ದಶಮಾಂಶದ ಲೆಕ್ಕ. ಆ ಅಂಕಿ ಬರುವುದು ಹೀಗೆ. ಕಾರ್ಡಿನಲ್ಲಿ ಲೆಕ್ಕ ಮಾಡುವ ಕೋರ್ ಎಷ್ಟು ಇವೆ ನೋಡಿ. ಕ್ಲಾಕಿನ ಒಂದೊಂದು ಬಡಿತಕ್ಕೂ ಒಂದು ಕೋರ್ ಒಂದು ಗುಣಾಕಾರ, ಒಂದು ಸಂಕಲನ ಮಾಡಬಲ್ಲದು. ಹಾಗಾಗಿ ಎರಡರಿಂದ ಗುಣಿಸಿ, ಆಮೇಲೆ ಕ್ಲಾಕ್ ವೇಗದಿಂದ ಗುಣಿಸಿ. ಮುಗೀತು. ಆಟ ಓಡಿಸಿ ಅಳೆದದ್ದಲ್ಲ ಇದು, ಬರೀ ಕಾಗದದ ಲೆಕ್ಕ.

ನನಗೆ ಗೊತ್ತಿರುವ ಒಬ್ಬ ಹುಡುಗನ ಹತ್ತಿರ ಎನ್ವಿಡಿಯಾದ ಆರ್‌ಟಿಎಕ್ಸ್ 2080 ಟಿಐ ಕಾರ್ಡ್ ಇತ್ತು. 4352 ಕೋರ್, ಸುಮಾರು 13.4 ಟೆರಾಫ್ಲಾಪ್. 2020ರಲ್ಲಿ 3070 ಬಂತು. 5888 ಕೋರ್, 20.3 ಟೆರಾಫ್ಲಾಪ್. ಒಂದೂವರೆ ಪಟ್ಟು! ಹುಡುಗ ಹಳೇದನ್ನು ಮಾರಿ ಹೊಸದು ಹಾಕಿದ. ಅದೇ ಆಟ, ಅದೇ ಸೆಟ್ಟಿಂಗ್. ಪರದೆಯ ಮೂಲೆಯಲ್ಲಿ ಕಾಣುವ, ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ ಹೆಚ್ಚುಕಮ್ಮಿ ಮೊದಲಿನಷ್ಟೇ. ಕಾರ್ಡೇ ಕೆಟ್ಟಿದೆ ಅಂದುಕೊಂಡು ನನ್ನ ಬಳಿ ತಂದ.

ಕಾರ್ಡ್ ಚೆನ್ನಾಗೇ ಇತ್ತು. ವಿಷಯ ಏನೆಂದರೆ, ಆಟಕ್ಕೆ ಬರೀ ದಶಮಾಂಶದ ಲೆಕ್ಕ ಸಾಲದು. ಮೆಮೊರಿಯ ವಿಳಾಸ ಹುಡುಕಬೇಕು, ಎರಡು ಸಂಖ್ಯೆ ಹೋಲಿಸಬೇಕು. ಇವು ಪೂರ್ಣಾಂಕದ ಕೆಲಸಗಳು. ಎನ್ವಿಡಿಯಾ ಕಂಪನಿಯೇ ಕೊಟ್ಟ ಅಂದಾಜು, 100 ದಶಮಾಂಶದ ಕೆಲಸಕ್ಕೆ ಸುಮಾರು 36 ಪೂರ್ಣಾಂಕದ ಕೆಲಸ. 2080 ಟಿಐನಲ್ಲಿ ಇದಕ್ಕೆ ಬೇರೆ ಕೋರ್‌ಗಳೇ ಇವೆ, ಅವನ್ನು ಟೆರಾಫ್ಲಾಪ್‌ನಲ್ಲಿ ಎಣಿಸುವುದಿಲ್ಲ. 3070ರಲ್ಲಿ ಹಾಗಲ್ಲ. ಎಣಿಸಿದ ಕೋರ್‌ಗಳಲ್ಲೇ ಅರ್ಧದಷ್ಟು ಎರಡೂ ಕೆಲಸಕ್ಕೆ ನಿಲ್ಲಬೇಕು, ಒಂದು ಸಲಕ್ಕೆ ಯಾವುದಾದರೂ ಒಂದು. ಈಗ 5888 ಕೋರನ್ನು 100ಕ್ಕೆ 36ರಂತೆ ಹಂಚಿ ನೋಡಿ. ದಶಮಾಂಶಕ್ಕೆ ಉಳಿಯುವುದು ಸುಮಾರು 4330. ಹಳೇ ಕಾರ್ಡಿನಲ್ಲಿದ್ದದ್ದು 4352. ಎಲ್ಲಿ ಹೋಯಿತು ಆ ಒಂದೂವರೆ ಪಟ್ಟು?

ಮೇಲಾಗಿ ಮೆಮೊರಿ. ಹಳೇದು ಸೆಕೆಂಡಿಗೆ 616 ಗಿಗಾಬೈಟ್ ಸಾಗಿಸುತ್ತದೆ, ಹೊಸದು 448. ಟೆರಾಫ್ಲಾಪ್ ಅಂಕಿಯಲ್ಲಿ ಇದರ ಸುಳಿವೇ ಇಲ್ಲ. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಆ ಒಂದೇ ಅಂಕಿ ನೋಡಿ ಕೊಳ್ಳಬೇಡಿ.

ಸಮಯ ಕಮ್ಮಿ ಇದೆ, ಕನ್ಸೋಲ್ ವಿಷಯ ಬೇಗ ಹೇಳಿಬಿಡುತ್ತೇನೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 12.15 ಟೆರಾಫ್ಲಾಪ್, ಪ್ಲೇಸ್ಟೇಷನ್ 5 ಬರೀ 10.28. ಆದರೂ ಎಷ್ಟೋ ಆಟಗಳು ಎರಡರಲ್ಲೂ ಒಂದೇ ಥರ ಓಡುತ್ತವೆ. ಪ್ಲೇಸ್ಟೇಷನ್‌ನಲ್ಲಿ ಕೋರ್ ಕಮ್ಮಿ, ಆದರೆ ಕ್ಲಾಕ್ 2.23 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ. ಎಕ್ಸ್‌ಬಾಕ್ಸ್‌ನದು 1.825. ಕ್ಲಾಕ್ ಏರಿದರೆ ಕೋರ್ ಮಾತ್ರವಲ್ಲ, ಆಟದ ದೃಶ್ಯ ಕಟ್ಟುವ ತ್ರಿಕೋನಗಳನ್ನು ಪರದೆಯ ಪಿಕ್ಸೆಲ್ ಮಾಡುವ ಭಾಗವೂ ಚುರುಕಾಗುತ್ತದೆ. ಅದೂ ಈ ಅಂಕಿಗೆ ಸೇರಿಲ್ಲ.

ಹಾಗಾದರೆ ಏನು ನೋಡಬೇಕು? ನೀವು ಆಡುವ ಆಟವನ್ನೇ, ನಿಮ್ಮ ಪರದೆಯ ರೆಸಲ್ಯೂಷನ್‌ನಲ್ಲೇ, ಒಂದೇ ಸೆಟ್ಟಿಂಗ್ ಇಟ್ಟು ಎರಡರಲ್ಲೂ ಓಡಿಸಿದ ಪರೀಕ್ಷೆ ಹುಡುಕಿ. ಸರಾಸರಿ ಫ್ರೇಮ್ ಜೊತೆಗೆ ತೀರಾ ಕೆಳಗಿಳಿದದ್ದು ಎಷ್ಟು ಅನ್ನೋದನ್ನೂ ನೋಡಿ. ಆಡುವಾಗ ತಡವರಿಸಿದಂತೆ ಅನ್ನಿಸುವುದು ಅಲ್ಲೇ. ನಮಸ್ಕಾರ.