ಬಾಟಲಿಯ ಜ್ಯೂಸು ತಣ್ಣಗಿದೆಯೇ?

ನಮಸ್ಕಾರ. ಕಳೆದ ಸಂಚಿಕೆಗೆ ಬಂದ ಒಂದು ಪ್ರತಿಕ್ರಿಯೆ ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ. "ಬೆಳಿಗ್ಗೆ 7 ಗಂಟೆಗೆ ಕಲ್ಲಂಗಡಿ ಜ್ಯೂಸು ಮಾಡಿ, ನಿಂಬೆ ಹಿಂಡಿ, ಬಾಟಲಿಗೆ ತುಂಬಿಕೊಂಡು ಹೋಗುತ್ತೇನೆ. ಮಧ್ಯಾಹ್ನ 12ಕ್ಕೆ ಕುಡಿಯುತ್ತೇನೆ, ಏನೂ ಆಗಿಲ್ಲ" ಎಂದು ವೀಕ್ಷಕರೊಬ್ಬರು ಬರೆದಿದ್ದಾರೆ. ನಾನು ಕೇಳುವುದು ಒಂದೇ ಪ್ರಶ್ನೆ: ಆ 5 ಗಂಟೆ ಜ್ಯೂಸು ತಣ್ಣಗಿತ್ತೇ?

ಜ್ಯೂಸು ಹಳತಾದರೆ ವಿಟಮಿನ್ ಹೋಗುತ್ತದೆ ಎಂದು ಎಲ್ಲರೂ ಕೊರಗುತ್ತಾರೆ. ಅದು ಸಣ್ಣ ನಷ್ಟ. ಕಲ್ಲಂಗಡಿಯಲ್ಲಿ ಹುಳಿ ತೀರಾ ಕಡಿಮೆ, ಸಕ್ಕರೆ ಮತ್ತು ನೀರು ಧಾರಾಳ. ತೊಳೆಯದೆ ಕೊಯ್ದರೆ ಸಿಪ್ಪೆಯ ಮೇಲಿನ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಚಾಕು ತಿರುಳಿನೊಳಗೆ ಒಯ್ಯುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಬೆಳೆಯುತ್ತವೆ. ಬೆಚ್ಚಗಿನ ಚೀಲದಲ್ಲಿ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾದರೂ 5 ಗಂಟೆಯಲ್ಲಿ ನೂರು ಇದ್ದದ್ದು ಲಕ್ಷ ದಾಟುತ್ತದೆ. ಬಾಳೆಹಣ್ಣು, ಸಪೋಟ, ಹಾಲು ಸೇರಿಸಿದ ಸ್ಮೂದಿಯ ಕಥೆಯೂ ಇದೇ.

ನಿಂಬೆ ಹಿಂಡಿದ್ದೇನೆ ಎನ್ನುವ ವಾದ ನಿಲ್ಲುವುದಿಲ್ಲ. ಹುಳಿ ಬೆಳವಣಿಗೆಯನ್ನು ತಡೆಯಬಹುದೇ ಹೊರತು ಇರುವುದನ್ನೆಲ್ಲ ಕೊಲ್ಲುವುದಿಲ್ಲ. ಸೇಬಿನ ರಸ ತಾನಾಗಿಯೇ ಹುಳಿ. ಆದರೂ 1996ರಲ್ಲಿ ಅಮೆರಿಕದಲ್ಲಿ ಪಾಶ್ಚರೀಕರಿಸದ, ಅಂದರೆ ಬ್ಯಾಕ್ಟೀರಿಯಾ ಸಾಯುವಷ್ಟು ಕಾಯಿಸದ ಸೇಬಿನ ರಸದಲ್ಲಿದ್ದ ಇ. ಕೋಲಿ ಎಂಬ ಬ್ಯಾಕ್ಟೀರಿಯಾದಿಂದ ಹತ್ತಾರು ಜನ ಕಾಯಿಲೆ ಬಿದ್ದರು, ಒಂದು ಮಗು ಸತ್ತಿತು. ಹಾಗಿರುವಾಗ ಒಂದು ಚಮಚ ನಿಂಬೆರಸವನ್ನು ನಂಬಿ ಕೂರುವುದು ಯಾವ ಧೈರ್ಯ?

"ವಾಸನೆ ಬಂದರೆ ಚೆಲ್ಲುತ್ತೇನೆ" ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಮುಚ್ಚಳ ತೆರೆದಾಗ ಬುಸ್ ಎಂದು ಗಾಳಿ ಹೊರಟರೆ, ನೊರೆ ಬಂದರೆ, ಅದು ಹುದುಗಿದೆ ಎಂದು ತಿಳಿಯುತ್ತದೆ. ಆದರೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ವಾಸನೆಯನ್ನೂ ರುಚಿಯನ್ನೂ ಬದಲಿಸದೆಯೇ ಇರಬಹುದು. ಆದ್ದರಿಂದ ಮತ್ತೆ ಕೇಳುತ್ತೇನೆ: ತಣ್ಣಗಿತ್ತೇ?

"ನನ್ನದು ಸ್ಟೀಲ್ ಫ್ಲಾಸ್ಕ್" ಎನ್ನುವವರು ಗಮನಿಸಿ. ಫ್ಲಾಸ್ಕ್ ತಣ್ಣಗೆ ಮಾಡುವುದಿಲ್ಲ, ಇದ್ದ ಬಿಸಿಯನ್ನು ಹಾಗೇ ಕಾಯುತ್ತದೆ. 27 ಡಿಗ್ರಿಯ ಜ್ಯೂಸು ತುಂಬಿದರೆ ಕಚೇರಿಯ ಎಸಿಯಲ್ಲೂ ಅದು ಬೇಗ ತಣಿಯದು. ಹಣ್ಣನ್ನು ತೊಳೆದು, ರಾತ್ರಿಯೇ ಫ್ರಿಜ್‌ನಲ್ಲಿಡಿ; ಫ್ಲಾಸ್ಕಿಗೆ ಐಸ್ ನೀರು ತುಂಬಿ ಹತ್ತು ನಿಮಿಷ ಬಿಟ್ಟು ಚೆಲ್ಲಿ; ಮಿಕ್ಸಿಗೆ ಐಸ್ ತುಂಡುಗಳನ್ನೂ ಹಾಕಿ; ಕಚೇರಿ ತಲುಪಿದ ಕೂಡಲೇ ಫ್ರಿಜ್‌ಗೆ ಸೇರಿಸಿ. ಮುಚ್ಚಳದ ಒಳಗಿನ ರಬ್ಬರ್ ರಿಂಗನ್ನು ಚಮಚದ ಹಿಡಿಯಿಂದ ಎಬ್ಬಿಸಿ ನೋಡಿ: ಬಹಳಷ್ಟು ಬಾಟಲಿಗಳಲ್ಲಿ ಅದರಡಿ ಕಪ್ಪು ಲೋಳೆ ಕೂತಿರುತ್ತದೆ. ಅದನ್ನು ಬಿಟ್ಟು ಬಾಟಲಿ ತೊಳೆದರೆ ತೊಳೆದಂತಾಗುವುದಿಲ್ಲ.

ಫ್ರಿಜ್ ಇಲ್ಲದ ಕಚೇರಿಯವರು ಹಣ್ಣನ್ನು ಇಡಿಯಾಗಿಯೇ ಒಯ್ಯಿರಿ. ಕಿತ್ತಳೆ ಸುಲಿಯಲು ಎಷ್ಟು ಹೊತ್ತು? ಬಾಳೆಹಣ್ಣಿಗೆ ಮಿಕ್ಸಿಯೇ ಏಕೆ? ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ಚಾನೆಲ್‌ಗೆ ಚಂದಾದಾರರಾಗಿಯೇ ಸಿಟ್ಟು ಮಾಡಿ. ಆದರೆ ಬೆಚ್ಚಗಾದ ಜ್ಯೂಸನ್ನು ಸಿಂಕಿಗೆ ಸುರಿಯಿರಿ.